ವಿನ್ ಅರ್ಧ, ಪ್ಲೇಸ್ ಅರ್ಧ

ಆಷಾಢದ ಗಾಳಿ ಎದ್ದರೆ ಅವೆನ್ಯೂ ರಸ್ತೆಯ ಓಣಿಗಳಲ್ಲಿ ಅಂಟು ಬೇಗ ಒಣಗುವುದಿಲ್ಲ. ಗಾಳಿಯ ಜೊತೆಗೆ ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣ ಹನಿಯೂ ಬರುತ್ತದೆ. ಕಟ್ಟಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕಲ್ಲು ಹೇರಿ, ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಎರಡು ದಿನ ಕಾಯಬೇಕು. ಶಾಲೆಗಳು ಶುರುವಾಗಿ ತಿಂಗಳಾಗಿದ್ದರೂ ನೋಟ್‌ಬುಕ್ಕಿನ ಕೆಲಸ ಮುಗಿದಿರಲಿಲ್ಲ. ಧರ್ಮರಾಜುವಿನ ಬೈಂಡಿಂಗ್ ಅಂಗಡಿಯಲ್ಲಿ ದೇವಯ್ಯ ಬೆಳಗಿನಿಂದ ನೆಲದ ಮೇಲೆ ಕಾಲು ಮಡಿಸಿ ಕೂತು ಹಾಳೆ ಮಡಿಸುತ್ತಿದ್ದ. ಒಂದು ಮಡಿಕೆಗೆ ಅರ್ಧ, ಇನ್ನೊಂದು ಮಡಿಕೆಗೆ ಕಾಲು. ಆಮೇಲೆ ಸೂಜಿ, ದಾರ, ಮೈಲುತುತ್ತ ಬೆರೆಸಿದ ಮೈದಾ ಅಂಟು. ಮಾಗಡಿ ಕಡೆಯ ಹಳ್ಳಿಯಿಂದ ಬಂದವನು ಈ ಕೆಲಸಕ್ಕೆ ಕೂತು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಬೆರಳಿನ ತುದಿಯಲ್ಲಿ ಗೆರೆಗಳು ಉಳಿದಿರಲಿಲ್ಲ.

"ಇವತ್ತು ಶನಿವಾರ ಅಲ್ವೇನಪ್ಪ ದೇವಯ್ಯ? ಆಗ್ಲೇ ಗಡಿಯಾರ ನೋಡ್ತಿದೀಯ" ಎಂದ ಧರ್ಮರಾಜು, ಗಲ್ಲಾಪೆಟ್ಟಿಗೆಯ ಹಿಂದಿನಿಂದ.

"ಇಲ್ಲ ಯಜಮಾನ್ರೆ, ಮಳೆ ನೋಡ್ತಿದ್ದೆ."

"ಗಡಿಯಾರದೊಳಗೆ ಮಳೆ ಬರ್ತಿದೆಯಾ? ಹೋಗು, ಹೋಗು. ನಿನ್ನ ಕುದುರೆ ಕಾಯ್ತಿರ್ತವೆ."

ಕುದುರೆ ಕಾಯುತ್ತವೆಂದು ದೇವಯ್ಯ ಎಂದೂ ಹೋದವನಲ್ಲ. ಅವನು ಹೋಗುತ್ತಿದ್ದುದು ರೇಸ್‌ಕೋರ್ಸಿನ ಗೆಳೆಯ ಮುನಿರಾಮಪ್ಪ ಕಾಯುತ್ತಾನೆಂದು. ಹೆಂಡತಿ ತೀರಿಕೊಂಡ ಮೇಲೆ ಚಾಮರಾಜಪೇಟೆಯ ವಠಾರದ ಹಿಂಭಾಗದ ಕೋಣೆಯಲ್ಲಿ ದೇವಯ್ಯನೊಬ್ಬನೇ ಇದ್ದ. ಅಂಗಡಿಯಲ್ಲಿ ಕೆಲಸದ ಮಾತು, ನಲ್ಲಿಯ ಹತ್ತಿರ ನೀರಿನ ಮಾತು. ಇವೆರಡನ್ನು ಬಿಟ್ಟು ವಾರದಲ್ಲಿ ಅವನು ಬಾಯಿಬಿಟ್ಟು ಆಡುತ್ತಿದ್ದ ಮಾತೆಲ್ಲ ಶನಿವಾರ ಮಧ್ಯಾಹ್ನದ್ದು.

ಇದು ಎಂಬತ್ತಮೂರನೇ ಇಸವಿ. ಇಬ್ಬರಿಗೂ ಗುರುತಾದದ್ದು ಎಪ್ಪತ್ತನಾಲ್ಕರ ಚಳಿಗಾಲದ ರೇಸಿನಲ್ಲಿ, ಅದೂ ಒಂದು ಜಗಳದಿಂದ. ಅಂಗಡಿಯಲ್ಲಿ ಯಾರೋ ಹೇಳಿದರೆಂದು ದೇವಯ್ಯ ಮೊದಲ ಸಲ ರೇಸ್‌ಕೋರ್ಸಿಗೆ ಹೋಗಿ, ಬುಕ್ಕಿಗಳು ಸಾಲಾಗಿ ನಿಂತಿರುವ ರಿಂಗಿನಲ್ಲಿ ಸಿದ್ದಬಸಪ್ಪ ಎಂಬುವನ ಹತ್ತಿರ ಇಪ್ಪತ್ತು ರೂಪಾಯಿ ಈಚ್‌ವೇ ಕಟ್ಟಿದ್ದ. ಒಂದು ಕುದುರೆಗೆ ಎಂಟಕ್ಕೆ ಒಂದರ ರೇಟು. ಅದು ಮೂರನೆಯದಾಗಿ ಬಂತು. ಹಿಗ್ಗಿಕೊಂಡು, ಬಾಜಿ ಬರೆದುಕೊಟ್ಟಿದ್ದ ಕಾರ್ಡು ಹಿಡಿದು ಹೋದರೆ, ಸಿದ್ದಬಸಪ್ಪನ ಲೆಕ್ಕದವನಾದ ಶೀನಣ್ಣ ಕಾರ್ಡನ್ನು ಹಾಗೇ ಹಿಂದಕ್ಕೆ ತಳ್ಳಿದ.

"ಇದಕ್ಕೇನೂ ಇಲ್ಲ ಯಜಮಾನ್ರೆ."

"ಯಾಕಿಲ್ಲ? ಮೂರನೇದು ಬಂದೈತಲ್ಲ! ಮೂರನೇದಕ್ಕೂ ಉಂಟು ಅಂತ ನೀವೇ ಹೇಳಿದ್ರಿ."

"ಎಂಟು ಓಡಿದ್ರೆ ಉಂಟು. ಓಡಿದ್ದು ಏಳು."

"ಎಂಟು ಅಂತ ಬೋರ್ಡ್‌ನಾಗೆ ಬರ್ದಿತ್ತು!"

ದನಿ ಏರಿತು. ಹಿಂದೆ ನಿಂತಿದ್ದವರು ಬೈಯತೊಡಗಿದರು. ಆಗ ಪಕ್ಕದಲ್ಲಿದ್ದ ಕುಳ್ಳನೆಯ, ಕೊರಳಿಗೆ ಕೆಂಪು ಟವೆಲು ಸುತ್ತಿಕೊಂಡಿದ್ದ ಮನುಷ್ಯ ದೇವಯ್ಯನ ತೋಳು ಹಿಡಿದು ಆಚೆಗೆ ಎಳೆದುಕೊಂಡು ಹೋದ. ಅವನೇ ಮುನಿರಾಮಪ್ಪ, ಮಾರ್ಕೆಟ್ಟಿನಲ್ಲಿ ತರಕಾರಿ ತೂಗುವವನು.

"ಬೋರ್ಡ್‌ನಾಗೆ ಬರೆದಾಗ ಎಂಟು. ಓಟ ಬಿಡೋ ಗೇಟಿನ ಹತ್ರ ಒಂದು ಕುದುರೆ ಒದೆಯಕ್ಕೆ ಶುರುಮಾಡ್ತಲ್ಲ, ಡಾಕ್ಟ್ರು ಅದನ್ನ ಆಚೆ ಕಳಿಸಿದ್ರು. ಉಳಿದಿದ್ದು ಏಳು. ಎಂಟೋ ಅದಕ್ಕೆ ಮೇಲೋ ಓಡಿದ್ರೆ ಮೂರು ಜಾಗಕ್ಕೆ ದುಡ್ಡು. ಐದು, ಆರು, ಏಳು ಓಡಿದ್ರೆ ಎರಡೇ ಜಾಗ. ನಾಲ್ಕು ಓಡಿದ್ರೆ ಪ್ಲೇಸ್ ಅನ್ನೋದೇ ಇಲ್ಲ, ಗೆದ್ದಿದ್ದು ಒಂದೇ. ಇದು ಸಿದ್ದಬಸಪ್ಪನ ಕಾನೂನು. ಬೇರೆ ಬುಕ್ಕಿ ಇನ್ನೂ ಬಿಗಿ. ಇವನು ಕಾಲು ಭಾಗ ಕೊಡ್ತಾನೆ, ಕೆಲವರು ಐದರಾಗೆ ಒಂದು ಭಾಗ."

"ಏನು ಕಾಲು?"

ಮುನಿರಾಮಪ್ಪ ಅವನ ಮುಖ ನೋಡಿದ. "ಕಾಲು ಅಂದ್ರೇನು ಅಂತ ಗೊತ್ತಿಲ್ದೆ ಇಪ್ಪತ್ತು ರೂಪಾಯಿ ಹಾಕಿದ್ಯಾ? ನಿನ್ನಂಥೋನು ನನ್ನ ತಕ್ಕಡಿ ಮುಂದೆ ಬರ್ಬೇಕಿತ್ತು ಕಣಯ್ಯ."

ಅಲ್ಲೇ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನು ಹೇಳಿಕೊಟ್ಟ. ಈಚ್‌ವೇ ಎಂದರೆ ಒಂದು ಬಾಜಿ ಅಲ್ಲ, ಎರಡು. ಇಪ್ಪತ್ತು ಕಟ್ಟಿದರೆ ಹತ್ತು ಗೆಲ್ಲುವುದರ ಮೇಲೆ, ಅದು ವಿನ್. ಇನ್ನು ಹತ್ತು ಜಾಗದೊಳಗೆ ಬರುವುದರ ಮೇಲೆ, ಅದು ಪ್ಲೇಸ್. ಗೆದ್ದರೆ ವಿನ್ನಿಗೆ ಪೂರಾ ರೇಟು, ಪ್ಲೇಸಿಗೆ ಆ ರೇಟಿನ ಕಾಲು ಭಾಗ, ಎರಡೂ ಬರುತ್ತವೆ. ಎರಡನೆಯದೋ ಮೂರನೆಯದೋ ಬಂದರೆ ವಿನ್ನಿನ ಹತ್ತು ಹೋಯಿತು, ಪ್ಲೇಸಿನದು ಮಾತ್ರ ಬಂತು. ಎಂಟಕ್ಕೆ ಒಂದರ ರೇಟಿನ ಕಾಲು ಭಾಗ ಎರಡಕ್ಕೆ ಒಂದು. ಹತ್ತಕ್ಕೆ ಇಪ್ಪತ್ತು ಲಾಭ, ಹತ್ತು ಅಸಲು, ಕೈಗೆ ಮೂವತ್ತು.

ಕಾಲು ಎಂದದ್ದು ದೇವಯ್ಯನಿಗೆ ಹಾಳೆಯ ಎರಡು ಮಡಿಕೆಯ ಹಾಗೆ ಕಣ್ಣಿಗೆ ಕಟ್ಟಿತು. ಆಮೇಲೆ ಅವನಿಗೆ ಹೇಳಿಕೊಡಬೇಕಾಗಿ ಬರಲಿಲ್ಲ.

"ಹಂಗಾದ್ರೆ ನಂಗೆ ಆ ಪ್ಲೇಸಿಂದು ಒಂದೇ ಸಾಕು" ಎಂದ. "ಗೆಲ್ಲೋದೆಲ್ಲ ನಮ್ಮಂಥೋರ ಹಣೇಲಿ ಬರ್ದಿಲ್ಲ."

"ಸಿದ್ದಬಸಪ್ಪ ಬರೀ ಪ್ಲೇಸ್ ಬರಿಯಲ್ಲ. ವಿನ್ ಜೊತೆಗಿದ್ರೇನೆ ಪ್ಲೇಸು. ಇಪ್ಪತ್ತಕ್ಕೆ ಕಮ್ಮೀನೂ ಬರಿಯಲ್ಲ." ಮುನಿರಾಮಪ್ಪ ತನ್ನ ಜೇಬಿನಿಂದ ಮುದುರಿದ ಹತ್ತರ ನೋಟು ತೆಗೆದ. "ನನ್ನ ಹತ್ರ ಇರೋದು ಇಷ್ಟು. ಮಿಕ್ಕಿದ್ದು ಮನೆಗೆ ಲೆಕ್ಕ ಕೊಡ್ಬೇಕು. ನಂಗೆ ಪ್ಲೇಸ್ ಅಂದ್ರೆ ಅಸಹ್ಯ. ಗೆದ್ರೆ ಗೆಲ್ಬೇಕು, ಇಲ್ದಿದ್ರೆ ಮಣ್ಣಾಗಬೇಕು."

ರೇಸ್‌ಕೋರ್ಸಿನವರೇ ಬಾಜಿ ಕಟ್ಟಿಸಿಕೊಳ್ಳುವ ಟೋಟಿನ ಕಿಟಕಿಯಲ್ಲಾದರೆ ಹತ್ತು ರೂಪಾಯಿಗೆ ಬೇಕಾದದ್ದನ್ನು ಬಿಡಿಬಿಡಿಯಾಗಿ ಕಟ್ಟಬಹುದಾಗಿತ್ತು. ಆದರೆ ಅಲ್ಲಿ ಎಷ್ಟು ಬರುತ್ತದೆನ್ನುವುದು ಓಟ ಮುಗಿಯುವ ತನಕ ಯಾರಿಗೂ ತಿಳಿಯದು. ಒಮ್ಮೆ ಹತ್ತು ಕಟ್ಟಿ ಗೆದ್ದವನಿಗೆ ಹನ್ನೊಂದು ಬಂದದ್ದನ್ನು ಮುನಿರಾಮಪ್ಪ ಕಣ್ಣಾರೆ ಕಂಡಿದ್ದ. ಬುಕ್ಕಿಯ ಹತ್ತಿರ ಕಾರ್ಡಿನಲ್ಲಿ ಬರೆದ ರೇಟು ಬರೆದದ್ದೇ.

ಹಾಗೆ ಇಬ್ಬರ ಕೂಡಿಕೆ ಶುರುವಾಯಿತು. ಇಪ್ಪತ್ತು ರೂಪಾಯಿಯ ಒಂದು ಈಚ್‌ವೇ, ಒಂದೇ ಕಾರ್ಡು. ವಿನ್ ಅರ್ಧ ಮುನಿರಾಮಪ್ಪನದು, ಪ್ಲೇಸ್ ಅರ್ಧ ದೇವಯ್ಯನದು. ಸರ್ಕಾರದ ತೆರಿಗೆಯ ಚಿಲ್ಲರೆಯನ್ನು ಇಬ್ಬರೂ ಸಮನಾಗಿ ಹಾಕುತ್ತಿದ್ದರು. ಒಬ್ಬನ ಕೈಯಲ್ಲಿ ದುಡ್ಡಿಲ್ಲದ ವಾರ ಇನ್ನೊಬ್ಬ ಎರಡು ಅರ್ಧವನ್ನೂ ಹಾಕುತ್ತಿದ್ದ, ಮುಂದಿನ ವಾರ ಅದು ತೀರುತ್ತಿತ್ತು. ಒಂದು ಶನಿವಾರ ಮುನಿರಾಮಪ್ಪ ತಂಗಿಯ ಮನೆಯ ಮದುವೆಗೆ ಹೋಗಿ ಬರಲೇ ಇಲ್ಲ. ದೇವಯ್ಯ ಇಬ್ಬರದನ್ನೂ ಕಟ್ಟಿ ಕಳೆದ. ಮುಂದಿನ ವಾರ ಮುನಿರಾಮಪ್ಪ ಬಂದವನೇ "ಸೋತಿದ್ದೆಷ್ಟು?" ಎಂದು ಕೇಳಿ ಹತ್ತನ್ನು ಕೈಗಿಟ್ಟ. ಯಾವ ಕುದುರೆ ಎಂದು ಆಮೇಲೆ ಕೇಳಿದ.

ಮಗ ಹನುಮಂತಯ್ಯ ಸ್ವಂತ ತರಕಾರಿ ಅಂಗಡಿ ಹಾಕಿದ ಮೇಲೆ ಮುನಿರಾಮಪ್ಪನಿಗೆ ಇಪ್ಪತ್ತು ರೂಪಾಯಿ ದೊಡ್ಡ ಮಾತಾಗಿರಲಿಲ್ಲ. ಅವನೊಬ್ಬನೇ ವಿನ್ ಕಟ್ಟಬಹುದಾಗಿತ್ತು. ಕಟ್ಟಲಿಲ್ಲ. ದೇವಯ್ಯ ಅದನ್ನು ಗಮನಿಸಿದ್ದ, ಬಾಯಿಬಿಟ್ಟು ಕೇಳಿರಲಿಲ್ಲ.

ನೋಡುವುದನ್ನೂ ಇಬ್ಬರೂ ಹಂಚಿಕೊಂಡಿದ್ದರು. ಕುದುರೆಗಳು ತಿರುವಿನಿಂದ ನೇರಕ್ಕೆ ಬಂದಾಗ ಮುನಿರಾಮಪ್ಪನ ಕಣ್ಣು ಮುಂದಿನದರ ಮೇಲೆ, ದೇವಯ್ಯನ ಕಣ್ಣು ಮೂರನೆಯದರ ಮೇಲೆ. "ನಮ್ದು ಮುಂದೈತೆ!" ಎಂದು ಮುನಿರಾಮಪ್ಪ ಕೂಗಿದರೆ ದೇವಯ್ಯ ನಿಶ್ಚಿಂತೆಯಿಂದ ಉಸಿರು ಬಿಡುತ್ತಿದ್ದ. "ನಮ್ದು ನಾಲ್ಕನೇದು, ಮೂರನೇದನ್ನ ಹಿಡೀತೈತೆ" ಎಂದು ದೇವಯ್ಯ ಹೇಳಿದರೆ ಮುನಿರಾಮಪ್ಪ ಉಗಿಯುತ್ತಿದ್ದ. "ಎತ್ತಿನ ಗಾಡಿ ಹಿಂದೆ ಬರೋ ನಾಯಿ ಲೆಕ್ಕ ಹಾಕ್ದಂಗೆ ಹಾಕ್ತೀಯಲ್ಲೋ!"

ಯಜಮಾನ ಹೋಗು ಎಂದ ಆ ಶನಿವಾರ ದೇವಯ್ಯ ಮೈಸೂರು ಬ್ಯಾಂಕ್ ಸರ್ಕಲ್ ದಾಟಿ, ನೆನೆದ ರಸ್ತೆಯಲ್ಲಿ ನಡೆದು, ರೇಸ್‌ಕೋರ್ಸ್ ಸೇರಿದಾಗ ಎರಡನೇ ಓಟ ಮುಗಿದಿತ್ತು. ಮರದ ಬುಡದಲ್ಲಿ ಯಾರೂ ಇರಲಿಲ್ಲ. ಮಳೆಗೆ ಎಲ್ಲಾದರೂ ನಿಂತಿರಬೇಕೆಂದು ಚಹಾದ ಅಂಗಡಿಯಲ್ಲಿ ನೋಡಿದ, ಟೋಟಿನ ಸಾಲಿನಲ್ಲಿ ನೋಡಿದ. ಕೆಂಪು ಟವೆಲಿನ ಕುಳ್ಳ ಮನುಷ್ಯ ಒಬ್ಬ ಕಂಡ. ಹತ್ತಿರ ಹೋದರೆ ಬೇರೆಯವನು.

ಅವರಿಬ್ಬರೂ ಹಿಂದಿನ ವಾರವೇ ಮಾತಾಡಿಕೊಂಡಿದ್ದುದು ನಾಲ್ಕನೇ ಓಟದ ರೆಡ್ ಲ್ಯಾಂಟರ್ನ್ ಎಂಬ ಹೆಣ್ಣು ಕುದುರೆ. ಮುನಿರಾಮಪ್ಪ ಅದರ ಹಿಂಗಾಲನ್ನು ಮೆಚ್ಚಿದ್ದ. "ಒದ್ದೆ ನೆಲದಾಗೆ ಇದು ಕೆಸರು ಗದ್ದೆ ಎತ್ತಿನಂಗೆ ಕಾಲು ಕಿತ್ತು ಇಡ್ತೈತೆ, ನೋಡ್ತಿರು. ಮಳೆ ಬಂದ್ರೆ ಬಿಡಬಾರ್ದು" ಎಂದಿದ್ದ. ಈಗ ಮಳೆ ಬಂದಿತ್ತು. ಅವನು ಬಂದಿರಲಿಲ್ಲ.

ಮೂರನೇ ಓಟ ಮುಗಿಯಿತು. ಕುದುರೆಗಳನ್ನು ಸುತ್ತಾಡಿಸುವ ಜಾಗದ ಬೇಲಿಗೆ ಒರಗಿ ದೇವಯ್ಯ ಬಾಗಿಲ ಕಡೆಗೇ ನೋಡುತ್ತಿದ್ದ. ರೆಡ್ ಲ್ಯಾಂಟರ್ನ್ ಎರಡು ಸಲ ಅವನ ಮುಂದೆಯೇ ಹಾದು ಹೋಯಿತು. ಜ್ವರ ಬಂದಿರಬಹುದು ಎಂದುಕೊಂಡ. ಮಗನ ಅಂಗಡಿಗೆ ಮಾಲು ಬಂದಿರಬಹುದು. ಬಾರದಿದ್ದರೂ ಕುದುರೆ ಅವನದೇ ಆಯ್ಕೆ. ಕಟ್ಟದೆ ಬಿಟ್ಟು ಅದು ಗೆದ್ದುಬಿಟ್ಟರೆ ಮುಂದಿನ ವಾರ ಅವನ ಮುಖ ನೋಡುವುದು ಹೇಗೆ? ಸೋತರೆ ಹತ್ತು ಕೊಟ್ಟೇ ಕೊಡುತ್ತಾನೆ.

ರಿಂಗಿಗೆ ಹೋದ. ಶೀನಣ್ಣ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಬೋರ್ಡಿನ ಸೀಮೆಸುಣ್ಣ ತಿದ್ದುತ್ತಿದ್ದ.

"ಏನ್ ಯಜಮಾನ್ರೆ, ಒಬ್ರೇ? ಜೋಡೆತ್ತಲ್ಲಿ ಒಂದು ಎಲ್ಲಿ ಹೋಯ್ತು?"

"ಬರ್ತಾನೆ. ರೆಡ್ ಲ್ಯಾಂಟರ್ನ್ ಎಷ್ಟು?"

"ಹನ್ನೆರಡಕ್ಕೆ ಒಂದು. ಒಂಬತ್ತು ಓಡ್ತಿದಾವೆ, ಮೂರು ಜಾಗ."

"ಹತ್ತು ಈಚ್‌ವೇ."

ಎರಡು ಹತ್ತರ ನೋಟುಗಳನ್ನೂ ತೆರಿಗೆಯ ಚಿಲ್ಲರೆಯನ್ನೂ ಕೊಟ್ಟ. ಶೀನಣ್ಣ ಕಾರ್ಡು ಬರೆದು ಕೊಟ್ಟ. ಕಾರ್ಡನ್ನು ಯಾವಾಗಲೂ ಮುನಿರಾಮಪ್ಪ ಇಟ್ಟುಕೊಳ್ಳುತ್ತಿದ್ದ. ದೇವಯ್ಯನಿಗೆ ಅದನ್ನು ಯಾವ ಜೇಬಿನಲ್ಲಿ ಇಡಬೇಕೆಂದು ಒಂದು ಗಳಿಗೆ ತೋಚಲಿಲ್ಲ.

ಗೇಟಿನಲ್ಲಿ ಯಾವ ಕುದುರೆಯೂ ಒದೆಯಲಿಲ್ಲ. ಒಂಬತ್ತೂ ಓಡಿದವು. ಆಚೆ ಬದಿಯಲ್ಲಿ, ಹನಿಯ ಪರದೆಯ ಹಿಂದೆ, ಬಣ್ಣಗಳೆಲ್ಲ ಒಂದಾಗಿ ಉರುಳುತ್ತಿದ್ದವು. ರೆಡ್ ಲ್ಯಾಂಟರ್ನಿನ ಸವಾರನದು ಹಳದಿ ಟೊಪ್ಪಿ. ತಿರುವು ಮುಗಿದು ನೇರಕ್ಕೆ ಬಂದಾಗ ಜನ ಬೇಲಿಗೆ ನುಗ್ಗಿದರು. ದೇವಯ್ಯ ಎಂದಿನ ಹಾಗೆ ಎರಡನ್ನು ಬಿಟ್ಟು ಮೂರನೆಯದಕ್ಕೆ ಕಣ್ಣು ಹಾಕಿದ. ನೀಲಿ ಟೊಪ್ಪಿ. ನೀಲಿ ಹಿಂದೆ ಬಿತ್ತು, ಹಸಿರು ಬಂತು. ಹಸಿರಿನ ಹಿಂದೆ ಹಳದಿ ಇದೆಯೇ ಎಂದು ನೋಡಿದ. ಬಿಳಿ, ಇನ್ನೊಂದು ನೀಲಿ. ಹಳದಿ ಇರಲಿಲ್ಲ. ಕೊನೆಯ ಕುದುರೆಯ ತನಕ ಹುಡುಕಿದ. "ಎಲ್ಲೈತೆ ನಮ್ದು?" ಎಂದು ಪಕ್ಕಕ್ಕೆ ತಿರುಗಿ ಕೇಳಿಯೂ ಬಿಟ್ಟ. ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ತನ್ನ ಕಾಗದ ಹರಿಯುತ್ತಿದ್ದ.

ಹೋಯಿತು ಎಂದುಕೊಂಡು ಅವನು ಅರ್ಧ ದಾರಿ ಹಿಂದಕ್ಕೆ ಬಂದಿದ್ದ. ಆಗ ಕಂಬದ ಬೋರ್ಡಿನಲ್ಲಿ ನಂಬರು ಏರಿದವು. ಎಲ್ಲಕ್ಕಿಂತ ಮೇಲೆ ಆರು. ಕಾರ್ಡು ತೆಗೆದು ನೋಡಿದ. ರೆಡ್ ಲ್ಯಾಂಟರ್ನ್, ಆರು.

ಹಳದಿ ಟೊಪ್ಪಿ ಎಲ್ಲಕ್ಕಿಂತ ಮುಂದೆ ಇತ್ತು. ಅವನು ಅತ್ತ ನೋಡಿಯೇ ಇರಲಿಲ್ಲ.

ಸವಾರರ ತೂಕ ಮುಗಿದು, ಫಲಿತಾಂಶ ಖಾಯಂ ಎಂದು ಸಾರಿದ ಮೇಲೆ ಬುಕ್ಕಿಗಳು ದುಡ್ಡು ಕೊಡಲು ಶುರುಮಾಡಿದರು. ಶೀನಣ್ಣ ಕಾರ್ಡು ತೆಗೆದುಕೊಂಡು, ಸಿದ್ದಬಸಪ್ಪನಿಗೆ ಕೇಳುವ ಹಾಗೆ ಜೋರಾಗಿ ಲೆಕ್ಕ ಹೇಳಿದ.

"ವಿನ್ನಿಂದು, ಹತ್ತು ಹನ್ನೆರಡ್ಲಿ ನೂರಿಪ್ಪತ್ತು, ಹತ್ತು ಅಸಲು, ನೂರ ಮೂವತ್ತು. ಪ್ಲೇಸಿಂದು, ಹನ್ನೆರಡರ ಕಾಲು ಮೂರು, ಹತ್ತು ಮೂರ್ಲಿ ಮೂವತ್ತು, ಹತ್ತು ಅಸಲು, ನಲವತ್ತು. ಒಟ್ಟು ನೂರೆಪ್ಪತ್ತು. ಸರಿನಾ ಯಜಮಾನ್ರೆ? ಎರಡನೇದು ಬಂದಿದ್ರೆ ಬರೀ ನಲವತ್ತು ಎಣಿಸ್ಕೊಂಡು ಹೋಗ್ತಿದ್ರಿ. ಮುಖ ಯಾಕೆ ಹಂಗೆ ಮಾಡ್ಕೊಂಡಿದೀರಿ, ಸೋತೋರ ಹಂಗೆ?"

ದೇವಯ್ಯ ನಲವತ್ತನ್ನು ಕೆಳಗಿನ ಜೇಬಿಗೂ ನೂರ ಮೂವತ್ತನ್ನು ಮೇಲಿನ ಜೇಬಿಗೂ ಹಾಕಿದ. ಕೊನೆಯ ಓಟ ಮುಗಿದು, ಕಾಗದ ಗುಡಿಸುವವರು ಬರುವ ತನಕ ಮರದ ಬುಡದಲ್ಲಿ ನಿಂತಿದ್ದ.

ಮರುದಿನ ಭಾನುವಾರ ಅವನು ಗವಿಪುರಕ್ಕೆ ಹೊರಟ. ಇಷ್ಟು ವರ್ಷದಲ್ಲಿ ಮುನಿರಾಮಪ್ಪನ ಮನೆಗೆ ಹೋದವನಲ್ಲ. ಗವಿ ಗಂಗಾಧರೇಶ್ವರನ ಗುಡಿಯ ಹಿಂದೆ ಎಲ್ಲೋ ಎಂಬುದಷ್ಟೇ ಗೊತ್ತಿತ್ತು. ಚಾಮರಾಜಪೇಟೆಯಿಂದ ಅದೇನೂ ದೂರವಲ್ಲ; ನಡೆದೇ ಹೋದ. ತೊಳೆದ ಬಿಳಿ ಷರ್ಟು ಹಾಕಿಕೊಂಡಿದ್ದ. ದಾರಿಯಲ್ಲಿ ಮೊಮ್ಮಗಳಿಗೆಂದು ಒಂದು ಪೊಟ್ಟಣ ಬಿಸ್ಕತ್ತು ಕೊಂಡ. ಮೊಮ್ಮಗಳೊಬ್ಬಳು ಇದ್ದಾಳೆಂದು ಮುನಿರಾಮಪ್ಪನ ಬಾಯಿಂದ ಕೇಳಿದ್ದ.

ಗುಡಿಯ ಇಳಿಜಾರಿನಲ್ಲಿ ಸೊಪ್ಪು ಹರಡಿಕೊಂಡು ಕೂತಿದ್ದ ಚಿಕ್ಕಮುನಿಯಮ್ಮ ಎಂಬ ಮುದುಕಿ ದಾರಿ ತೋರಿಸಿದಳು.

"ತಕ್ಕಡಿ ಮುನಿರಾಮಪ್ಪನಾ? ಆ ಹಸಿರು ಬಾಗಿಲು. ನೀವು ಯಾರಪ್ಪ, ಹೆಣ್ಣು ನೋಡಕ್ಕೆ ಬಂದೋರಾ?"

"ಅಯ್ಯೋ ಇಲ್ಲ ತಾಯಿ, ಸ್ನೇಹಿತ."

"ಬಿಸ್ಕತ್ತು ಹಿಡ್ಕೊಂಡಿದ್ರಲ್ಲ, ಅದಕ್ಕೆ ಕೇಳ್ದೆ."

ಮುನಿರಾಮಪ್ಪ ಜಗಲಿಯ ಮೇಲೆ ಕೂತು ಕೊತ್ತಂಬರಿ ಸೊಪ್ಪನ್ನು ಕಟ್ಟು ಕಟ್ಟುತ್ತಿದ್ದ. ಜ್ವರವೇನೂ ಇರಲಿಲ್ಲ. ಮೊಮ್ಮಗಳು ಅವನ ಬೆನ್ನಿಗೆ ಒರಗಿ ಬಾಳೆನಾರನ್ನು ಸೀಳಿ ಕೊಡುತ್ತಿದ್ದಳು. ದೇವಯ್ಯನನ್ನು ಕಂಡು ಅವನ ಕೈ ನಿಂತಿತು. ಮೊದಲು ಹಿಗ್ಗು ಬಂದದ್ದನ್ನು ದೇವಯ್ಯ ನೋಡಿದ. ಆ ಹಿಗ್ಗು ಹಿಂದಕ್ಕೆ ಹೋದದ್ದನ್ನೂ ನೋಡಿದ.

"ಯಾರು ಬಂದಿರೋದು?" ಒಳಗಿನಿಂದ ಅವನ ಹೆಂಡತಿ ಅಂಜಿನಮ್ಮನ ದನಿ.

"ಮಾರ್ಕೆಟ್‌ನೋರು ಕಣೆ. ಮಾಲಿನ ವಿಷಯ."

ಅಂಜಿನಮ್ಮ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬಂದವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಬ್ಯಾಡ ಬಿಡು, ಅವ್ರಿಗೆ ಅರ್ಜೆಂಟು" ಎಂದು ಮುನಿರಾಮಪ್ಪನೇ ಎದ್ದು ಚಪ್ಪಲಿ ಮೆಟ್ಟಿದ. ದೇವಯ್ಯ ಬಿಸ್ಕತ್ತಿನ ಪೊಟ್ಟಣವನ್ನು ಮೊಮ್ಮಗಳ ಕೈಗೆ ಕೊಟ್ಟ. ಮಗು ಅಜ್ಜನ ಮುಖ ನೋಡಿ ತೆಗೆದುಕೊಂಡಿತು.

ಗುಡಿಯ ಹಿಂದಿನ ಬಂಡೆಯ ಹತ್ತಿರ ಹೋಗಿ ನಿಂತ ಮೇಲೆ ಮುನಿರಾಮಪ್ಪ ಬಾಯಿಬಿಟ್ಟ.

"ಸೋಮವಾರ ಮಗ ನನ್ನ ಜೇಬಿನಾಗೆ ರೇಸಿನ ಪುಸ್ತಕ ನೋಡ್ದ. ಏನೂ ಅನ್ನಲಿಲ್ಲ, ಅವ್ರಮ್ಮನ ಕೈಗೆ ಕೊಟ್ಟ. ಅವಳು ಮಗೂನ ಕರ್ಕೊಂಡು ಬಂದು ಗುಡಿಯೊಳಗೆ ನಿಲ್ಲಿಸಿ, ನನ್ನ ಕೈ ಹಿಡಿದು ಅದರ ತಲೆ ಮೇಲೆ ಇಡಿಸಿದ್ಲು. ಇನ್ನು ಆ ಕಡೆ ಕಾಲಿಡಲ್ಲ ಅಂತ ಹೇಳಿಬಿಟ್ಟೆ ದೇವಯ್ಯ."

"ಹೇಳಿ ಕಳಿಸಬಹುದಿತ್ತು."

"ಎಲ್ಲಿಗೆ ಹೇಳಿ ಕಳಿಸ್ಲಿ? ನಿನ್ನ ಮನೆ ಎಲ್ಲಿ ಅಂತ ನಂಗೇನು ಗೊತ್ತು? ಚಾಮರಾಜಪೇಟೆ ಅಂತೀಯ. ಚಾಮರಾಜಪೇಟೆ ಏನು ಒಂದು ಮನೇನಾ?"

ಮಾರ್ಕೆಟ್ಟಿನಿಂದ ಅವೆನ್ಯೂ ರಸ್ತೆಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಬೈಂಡಿಂಗ್ ಅಂಗಡಿ ಯಾವ ಓಣಿಯಲ್ಲಿದೆಯೆಂದು ಮುನಿರಾಮಪ್ಪನಿಗೆ ಗೊತ್ತಿತ್ತು. ದೇವಯ್ಯ ಮೇಲಿನ ಜೇಬಿನಿಂದ ನೋಟುಗಳನ್ನು ತೆಗೆದು ಹಿಡಿದ.

"ಏನಿದು?"

"ರೆಡ್ ಲ್ಯಾಂಟರ್ನ್. ಗೆದ್ದುಬಿಡ್ತು. ಹನ್ನೆರಡಕ್ಕೆ ಒಂದು. ವಿನ್ನಿಂದು ನೂರ ಮೂವತ್ತು, ನಿಂದು. ನನ್ನ ನಲವತ್ತು ನಾನು ಇಟ್ಕೊಂಡಿದೀನಿ."

ಮುನಿರಾಮಪ್ಪನ ಮುಖ ಬೆಳಗಿತು. ದುಡ್ಡಿನ ಮೇಲೆ ಅವನ ಕಣ್ಣೇ ಹೋಗಲಿಲ್ಲ.

"ಗೆದ್ದುಬಿಡ್ತಾ! ಹೇಳ್ಲಿಲ್ವಾ ನಾನು! ಹೇಗೆ ಗೆದ್ತು? ತಿರುವಿನಾಗೆ ಎಷ್ಟನೇದಿತ್ತು? ಒಳಗಿನಿಂದ ಬಂತಾ, ಹೊರಗಿನಿಂದ ಬಂತಾ? ಕಾಲು ಕಿತ್ತು ಇಡ್ತಿತ್ತಾ ಕೆಸರಿನಾಗೆ? ಹೇಳೋ!"

ದೇವಯ್ಯ ಕೈಯಲ್ಲಿದ್ದ ನೋಟುಗಳನ್ನು ನೋಡಿದ.

"ನಾನು ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರೆ? ಹೋಗಿದ್ದೆ ತಾನೆ?"

"ಹೋಗಿದ್ದೆ. ಮೂರನೇದು ಯಾವುದು ಅಂತ ನೋಡ್ತಿದ್ದೆ. ಹಸಿರು ಟೊಪ್ಪಿ ಬಂತು. ಮುಂದಕ್ಕೆ ನೋಡಕ್ಕೆ ನೀನಿರ್ತೀಯಲ್ಲ, ಅದಕ್ಕೆ..."

ಮುನಿರಾಮಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ಹನ್ನೆರಡರ ಕುದುರೆ ಗೆಲ್ಲೋದನ್ನ ಬಿಟ್ಟು ಹಸಿರು ಟೊಪ್ಪಿ ನೋಡ್ತಾ ನಿಂತಿದ್ದನಂತೆ!" ನಗುತ್ತಲೇ ಬಂಡೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ನಗು ತಾನಾಗಿ ನಿಂತಿತು. ಕೆಳಗೆ ಗುಡಿಯಲ್ಲಿ ಯಾರೋ ಗಂಟೆ ಹೊಡೆದರು.

"ದುಡ್ಡು ಹಿಡ್ಕೋ" ಎಂದ ದೇವಯ್ಯ.

"ಬ್ಯಾಡ. ಅದು ನಂದಲ್ಲ."

"ವಿನ್ ಯಾವತ್ತೂ ನಿಂದೇ. ನಾನು ಯಾವತ್ತು ವಿನ್ ಹಾಕಿದೀನಿ?"

"ಹತ್ತು ಹಾಕಿದ್ದು ನೀನು."

"ನಿನ್ನ ಲೆಕ್ಕಕ್ಕೆ ಹಾಕಿದ್ದು. ನೀನು ಮದುವೆಗೆ ಹೋದಾಗ್ಲೂ ಹಂಗೇ ಹಾಕಿದ್ದೆ. ಸೋತಿತ್ತು, ನೀನು ಹತ್ತು ಕೊಟ್ಟೆ. ಈಗ ಗೆದ್ದೈತೆ, ತಗೋ."

ಮುನಿರಾಮಪ್ಪ ಕೈಯಲ್ಲಿ ಉಳಿದಿದ್ದ ಬಾಳೆನಾರನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ದೇವಯ್ಯನಿಗೆ ಕೇಳಬಾರದೆನ್ನಿಸಿತು. ಆದರೂ ಕೇಳಿದ.

"ನಿನ್ನೆ ಸೋತಿದ್ರೆ, ನಾನು ಇಲ್ಲಿಗೆ ಬಂದಿದ್ರೆ, ಆ ಹತ್ತು ಕೊಡ್ತಿದ್ದಾ?"

ಹೌದು ಎಂದುಬಿಡುವುದು ಸುಲಭವಾಗಿತ್ತು. ಹೌದು ಎಂದರೆ ನೂರ ಮೂವತ್ತು ಅವನದಾಗುತ್ತಿತ್ತು. ಮುನಿರಾಮಪ್ಪ ತಕ್ಕಡಿ ಹಿಡಿದು ಬಾಳಿದ ಮನುಷ್ಯ. ತಲೆ ಎತ್ತಿ ದೇವಯ್ಯನನ್ನು ನೇರವಾಗಿ ನೋಡಿದ.

"ಕೊಡ್ತಿರಲಿಲ್ಲ. ಸೋಮವಾರಕ್ಕೇ ನಾನು ಬಿಟ್ಟಾಯ್ತು ಕಣಯ್ಯ. ಶನಿವಾರ ನೀನು ಯಾರಿಗೋಸ್ಕರ ಹಾಕಿದ್ರೂ ನಂಗೋಸ್ಕರ ಅಲ್ಲ. ಸೋತಿದ್ದನ್ನ ಹೊರದೇ ಇರೋನು ಗೆದ್ದಿದ್ದಕ್ಕೆ ಹೆಂಗೆ ಕೈಚಾಚ್ಲಿ?"

ದೇವಯ್ಯ ಹಿಡಿದಿದ್ದ ಕೈಯನ್ನು ಮೆಲ್ಲಗೆ ಇಳಿಸಿದ. ಬೇಲಿಗೆ ಒರಗಿ ಬಾಗಿಲು ನೋಡುತ್ತ ನಿಂತಿದ್ದಾಗಲೇ ತಾನು ಒಬ್ಬನೇ ಆಗಿದ್ದೆನೆಂಬುದು ಅವನಿಗೆ ಈಗ ತಿಳಿಯಿತು. ಕಾರ್ಡು ಬರೆಸುವಾಗಲೂ ಒಬ್ಬನೇ.

"ಹಂಗಾದ್ರೆ ಇದು ಯಾರದು?" ಎಂದ.

"ನಿಂದು."

"ನಾನು ವಿನ್ ಹಾಕೋನಲ್ಲ."

"ಹುಂಡಿಗೆ ಹಾಕು. ಇಲ್ದಿದ್ರೆ ಒಂದು ಕಂಬಳಿ ತಗೋ, ಚಳಿ ಬರ್ತೈತೆ." ಮುನಿರಾಮಪ್ಪ ಎದ್ದು ಪಂಚೆ ಕೊಡವಿಕೊಂಡ. "ದೇವಯ್ಯ, ತಪ್ಪು ತಿಳ್ಕೋಬೇಡ. ಮನೆ ಹತ್ರ ಬರ್ಬೇಡ. ಅವಳಿಗೆ ಅನುಮಾನ ಬಂದುಬಿಟ್ಟೈತೆ ಆಗ್ಲೇ."

"ಬರಲ್ಲ ಬಿಡು."

"ಮಾರ್ಕೆಟ್ ಕಡೆ ಬಂದ್ರೆ ಸಿಗ್ತೀನಿ."

"ಹೂಂ, ಬರ್ತೀನಿ."

ಇಬ್ಬರಿಗೂ ಗೊತ್ತಿತ್ತು. ಮಾರ್ಕೆಟ್ಟಿನ ಅಂಗಡಿಯಲ್ಲಿ ಮಗ ಇರುತ್ತಾನೆ. ಅಲ್ಲದೆ ತಕ್ಕಡಿಯ ಮುಂದೆ ನಿಂತು ಅವರಿಬ್ಬರೂ ಆಡಬಹುದಾದ ಮಾತು ಯಾವುದೂ ಇರಲಿಲ್ಲ. ಮುನಿರಾಮಪ್ಪ ಇಳಿಜಾರು ಹತ್ತಿ ಹೋದ. ತಿರುವಿನಲ್ಲಿ ಒಮ್ಮೆ ನಿಂತು, ಅಲ್ಲಿಂದಲೇ ಕೂಗಿ ಕೇಳಿದ: "ಎಷ್ಟು ಅಂತರದಾಗೆ ಗೆದ್ತು ಅಂತಾದ್ರೂ ಯಾರನ್ನಾದ್ರೂ ಕೇಳಿದ್ಯಾ?"

ದೇವಯ್ಯ ಇಲ್ಲವೆಂದು ಕೈಯಾಡಿಸಿದ.

ಆ ವಾರ ಪೂರ್ತಿ ಗಾಳಿ ನಿಲ್ಲಲಿಲ್ಲ. ನೂರ ಮೂವತ್ತು ರೂಪಾಯಿ ಕೋಣೆಯ ಗೂಡಿನಲ್ಲಿ, ಹೆಂಡತಿಯ ಅರಿಶಿನ ಕುಂಕುಮದ ಹಳೆಯ ಡಬ್ಬಿಯ ಕೆಳಗೆ ಇತ್ತು. ಕಂಬಳಿಯ ಅಂಗಡಿಯ ಮುಂದೆ ಒಂದು ಸಂಜೆ ನಿಂತು, ರೇಟು ಕೇಳಿ, ಬಂದುಬಿಟ್ಟ. ಇನ್ನೊಬ್ಬನ ದುಡ್ಡಿನ ಕಂಬಳಿ ಹೊದ್ದು ಮಲಗುವುದು ಅವನಿಂದ ಆಗುವ ಕೆಲಸವಲ್ಲ. ಹುಂಡಿಗೆ ಹಾಕುವುದಾದರೆ ಹಾಕಬೇಕಾದವನು ಬೇರೆ.

ಶನಿವಾರ ಧರ್ಮರಾಜು ತಾನಾಗಿಯೇ ಹೋಗು ಎಂದ. ದೇವಯ್ಯ ಸ್ವಲ್ಪ ಹೊತ್ತು ಹಾಳೆ ಮಡಿಸುತ್ತಲೇ ಕೂತಿದ್ದ. ಮಡಿಸಿದ ಕಟ್ಟು ಮುಗಿಯಿತು. ಇನ್ನೊಂದು ಕಟ್ಟಿಗೆ ಕೈ ಹಾಕಿ, ಹಾಕಿದ ಕೈಯನ್ನು ಹಿಂದಕ್ಕೆ ತೆಗೆದು, ಎದ್ದ.

ರಿಂಗಿನಲ್ಲಿ ಜನ ಕಡಿಮೆ ಇದ್ದರು. ಶೀನಣ್ಣ ದೂರದಿಂದಲೇ ಕಂಡ.

"ಇವತ್ತೂ ಒಬ್ರೇನಾ ಯಜಮಾನ್ರೆ?"

"ಶೀನಣ್ಣ, ಬರೀ ಪ್ಲೇಸ್ ಬರೀತೀರಾ? ಹತ್ತು?"

ಶೀನಣ್ಣ ಹಿಂದಕ್ಕೆ ತಿರುಗಿ ಸಿದ್ದಬಸಪ್ಪನ ಮುಖ ನೋಡಿದ. ಸಿದ್ದಬಸಪ್ಪ ಎಲೆಅಡಿಕೆ ಅಗಿಯುತ್ತ ತಲೆ ಅಲ್ಲಾಡಿಸಿದ.

"ಆಗಲ್ಲ ಯಜಮಾನ್ರೆ. ನಿಮಗೆ ಗೊತ್ತಿರೋದೇ. ಪ್ಲೇಸ್ ಬೇಕಂದ್ರೆ ವಿನ್ ಜೊತೆಗಿರಬೇಕು. ಇನ್ನೊಬ್ರು ಇಲ್ದಿದ್ರೆ ಎರಡೂ ನೀವೇ ಹಾಕಿ."

ದೇವಯ್ಯ ಬೋರ್ಡು ನೋಡಿದ. ಹತ್ತು ಕುದುರೆ, ಮೂರು ಜಾಗ. ಯಾವುದರ ಹಿಂಗಾಲು ಹೇಗಿದೆಯೋ ಅವನಿಗೆ ತಿಳಿಯದು. ಆರಕ್ಕೆ ಒಂದು ಎಂದಿದ್ದ ಒಂದನ್ನು ತೋರಿಸಿದ. ಆ ರೇಟಿನ ಕಾಲು ಭಾಗ ಒಂದೂವರೆ. ಜಾಗದೊಳಗೆ ಬಂದರೆ ಹತ್ತಕ್ಕೆ ಇಪ್ಪತ್ತೈದು ಕೈಗೆ. ಕೆಳಗಿನ ಜೇಬಿನಿಂದ ತನ್ನ ಹತ್ತನ್ನು ತೆಗೆದ. ಆಮೇಲೆ ಮೇಲಿನ ಜೇಬಿಗೆ ಕೈ ಹಾಕಿ, ಬೆಳಿಗ್ಗೆ ಗೂಡಿನಿಂದ ತಂದಿದ್ದ ಮುನಿರಾಮಪ್ಪನ ನೂರ ಮೂವತ್ತರಲ್ಲಿ ಹತ್ತರ ಒಂದು ನೋಟನ್ನು ಬೇರ್ಪಡಿಸಿ ಅದರ ಜೊತೆಗಿಟ್ಟ. ತೆರಿಗೆಯ ಚಿಲ್ಲರೆ ಪೂರ್ತಿ ತಾನೇ ಹಾಕಿದ.

"ಹತ್ತು ಈಚ್‌ವೇ" ಎಂದ.

ಕುದುರೆ ಐದನೆಯದಾಗಿ ಬಂತು. ಎರಡು ಅರ್ಧವೂ ಹೋದವು. ಕಾರ್ಡನ್ನು ಹರಿಯದೆ ಬೇಲಿಯ ಕಂಬದ ಮೇಲೆ ಇಟ್ಟು, ಅವನು ಬಾಗಿಲ ಕಡೆ ನಡೆದ. ಮಳೆ ನಿಂತು ರಸ್ತೆಯ ಮೇಲೆ ಮರದ ಹನಿ ಮಾತ್ರ ಬೀಳುತ್ತಿತ್ತು. ಮುನಿರಾಮಪ್ಪನಿಗೆ ಅವನು ಕೊಡಬೇಕಾದದ್ದು ಈಗ ನೂರಿಪ್ಪತ್ತು.